‘ಓವರ್‌ಬಾಟ್’ಗೆ ‘ಅತಿಖರೀದಿ’ ಸರಿಯಾ? ಆರ್‌ಎಸ್‌ಐ ಬಗ್ಗೆ ಒಂದು ಪದಚರ್ಚೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಷೇರುಪೇಟೆ ಬಗ್ಗೆ ಕನ್ನಡದಲ್ಲಿ ಒಂದು ಕಿರುಪುಸ್ತಕ ಮಾಡುತ್ತಿದ್ದೇವೆ. ಅಂಗಡಿ ಇಟ್ಟವರು, ಮಂಡಿಯವರು, ನಿವೃತ್ತ ನೌಕರರು ಓದಲಿ ಅಂತ. ಆರ್‌ಎಸ್‌ಐ, ಅಂದರೆ ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಅದರ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಚಾರ್ಟಿನ ಕೆಳಗೆ 0ಯಿಂದ 100ರ ನಡುವೆ ಓಡಾಡುವ ಗೆರೆ ನೋಡಿರುತ್ತೀರಿ. 70 ದಾಟಿದರೆ ‘ಓವರ್‌ಬಾಟ್’, 30ರ ಕೆಳಗೆ ಇಳಿದರೆ ‘ಓವರ್‌ಸೋಲ್ಡ್’ ಅಂತಾರೆ.

ಓವರ್‌ಬಾಟ್‌ಗೆ ‘ಅತಿಖರೀದಿ’ ಅಂತ ಬರೆದಿದ್ದೇನೆ. ಕರಡು ಓದಿದವರೆಲ್ಲ ಕೇಳಿದ್ದು ಒಂದೇ: ‘ಹಾಗಾದ್ರೆ 70 ಆದ ತಕ್ಷಣ ಮಾರಿಬಿಡಬೇಕು, ಅಲ್ವಾ?’ ಆದರೆ ಜೋರಾಗಿ ಏರುವ ಷೇರಿನ ಚಾರ್ಟ್ ತೆಗೆದರೆ ಆ ಗೆರೆ ವಾರಗಟ್ಟಲೆ 70ರ ಮೇಲೆಯೇ ಕೂತಿರುತ್ತದೆ. ಪದವೇ ದಾರಿ ತಪ್ಪಿಸುತ್ತಿದೆ ಅನ್ನಿಸುತ್ತದೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆಯುತ್ತದಾ?

— ಪಿ.ಜೆ. ಬಡಾವಣೆ, ದಾವಣಗೆರೆ

ಅಕ್ಕಾರೆ, ಇದಕ್ಕೆ ಹೊಸ ಪದ ಯಾಕೆ? ನಮ್ಮ ಮಂಡಿಯಲ್ಲಿ ದಿನಾ ಆಡೋ ಮಾತೇ ಇದೆ, ‘ಮಾಲು ಜಾಸ್ತಿ ಕೂತಿದೆ’ ಅಂತ. ಮೆಕ್ಕೆಜೋಳ ಎಲ್ಲರೂ ಕೊಂಡು ಗೋದಾಮು ತುಂಬಿಸಿಕೊಂಡರೆ ಮುಂದೆ ಕೊಳ್ಳೋರು ಇರಲ್ಲ, ಧಾರಣೆ ಬೀಳುತ್ತೆ. ಓವರ್‌ಬಾಟ್ ಅಂದ್ರೆ ಅದೇ ತಾನೇ?

— ಎಪಿಎಂಸಿ ಯಾರ್ಡ್ ಕಡೆಯಿಂದ

ಅದಲ್ಲ ಅಣ್ಣಾವ್ರೆ. ಇಂಗ್ಲಿಷ್ ಪದ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ, ನಿಮ್ಮ ತಪ್ಪೇನಿಲ್ಲ. ಆದರೆ ಆರ್‌ಎಸ್‌ಐ ಲೆಕ್ಕದಲ್ಲಿ ಎಷ್ಟು ಮಾಲು ಕೈ ಬದಲಾಯಿತು ಅನ್ನೋದು ಬರುವುದೇ ಇಲ್ಲ. ಯಾರ ಹತ್ತಿರ ಎಷ್ಟು ಕೂತಿದೆ ಅನ್ನೋದೂ ಇಲ್ಲ. ದಿನದ ಕೊನೆಯ ಬೆಲೆ ಮಾತ್ರ. ಅಷ್ಟಕ್ಕೂ ಒಬ್ಬ ಕೊಂಡರೆ ಇನ್ನೊಬ್ಬ ಮಾರಿರಲೇಬೇಕು. ‘ಅತಿಯಾಗಿ ಕೊಂಡರು’ ಅಂದರೆ ಅಷ್ಟೇ ಅತಿಯಾಗಿ ಮಾರಿಯೂ ಇದ್ದಾರಲ್ಲ?

ಇದನ್ನು 1978ರಲ್ಲಿ ಹೊರತಂದವರು ವೆಲ್ಸ್ ವೈಲ್ಡರ್, ಅಮೆರಿಕದವರು, ಓದಿದ್ದು ಎಂಜಿನಿಯರಿಂಗ್. ಲೆಕ್ಕ ಹೀಗಿದೆ:

```
RSI = 100 - 100 / (1 + RS)
```

RS ಅಂದರೆ 14 ದಿನದ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯಿಂದ ಭಾಗಿಸಿದ್ದು. ಬಿಡಿಸಿ ನೋಡಿದರೆ ಉಳಿಯುವುದು ಇಷ್ಟೇ: ಇತ್ತೀಚಿನ ಒಟ್ಟು ಓಡಾಟದಲ್ಲಿ ಏರಿಕೆಯ ಪಾಲು ನೂರಕ್ಕೆ ಎಷ್ಟು. 70 ಅಂದರೆ ಏರಿದ್ದು ಏಳು ಪಾಲು, ಇಳಿದದ್ದು ಮೂರು ಪಾಲು. ಬೆಲೆ ದುಬಾರಿಯೋ ಅಗ್ಗವೋ ಅನ್ನೋದು ಇದರಲ್ಲಿ ಎಲ್ಲೂ ಇಲ್ಲ. ಏಳು–ಮೂರರ ಪಾಲು ವರ್ಷಪೂರ್ತಿ ನಡೆದರೆ ಆರ್‌ಎಸ್‌ಐ ವರ್ಷಪೂರ್ತಿ 70ರ ಹತ್ತಿರವೇ ಇರುತ್ತದೆ. ಬೆಲೆ ಮಾತ್ರ ಏರುತ್ತಲೇ ಹೋಗಿರುತ್ತದೆ.

— ಚಿತ್ರದುರ್ಗ

ದುರ್ಗದವರು ಹೇಳಿದ್ದು ಸರಿ. ನಾನು ಹುಡುಗರಿಗೆ ಇದನ್ನು ಸ್ಪೀಡೋಮೀಟರ್ ಅಂತಲೇ ಹೇಳಿಕೊಡೋದು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ 80ರಲ್ಲೇ ಹೊರಟರೆ ಮುಳ್ಳು ದಾರಿಯುದ್ದಕ್ಕೂ 80ರಲ್ಲೇ ಇರುತ್ತೆ. ಮುಳ್ಳು ಮೇಲಿದೆ ಅಂತ ಗಾಡಿ ಹಿಂದಕ್ಕೆ ಹೋಗಲ್ಲ. ಹಾಗಾಗಿ ‘ಏರುವೇಗ’ ಅನ್ನಿ ಸಾಕು. ಮೇಲೇ ಅಂಟಿಕೊಳ್ಳೋ ತೊಂದರೆಗೂ ಸುಲಭದ ಮದ್ದಿದೆ. ಸೆಟ್ಟಿಂಗ್‌ನಲ್ಲಿ 14ರ ಬದಲು 21 ಹಾಕಿ.

— ವಿದ್ಯಾನಗರ, ದಾವಣಗೆರೆ

ಹೋಲಿಕೆ ಅರ್ಧ ದಾರಿ ಬರುತ್ತೆ ಸಾರ್, ಪೂರ್ತಿ ಬರಲ್ಲ. ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ.

100 ರೂಪಾಯಿಯ ಒಂದು ಷೇರು ಅಂದುಕೊಳ್ಳಿ. ಮೊದಲು ಸುಮ್ನೆ ಒಂದು ದಿನ 2 ರೂಪಾಯಿ ಮೇಲೆ, ಒಂದು ದಿನ 2 ರೂಪಾಯಿ ಕೆಳಗೆ ಆಡುತ್ತಿತ್ತು. ಆರ್‌ಎಸ್‌ಐ 50 ಅಂತ ಇಟ್ಟುಕೊಳ್ಳಿ. ಆಮೇಲೆ ಏರುವ ಓಟ ಶುರುವಾಯಿತು. ನಾಲ್ಕು ದಿನ 2 ರೂಪಾಯಿ ಏರುತ್ತದೆ, ಐದನೇ ದಿನ 2 ರೂಪಾಯಿ ಇಳಿಯುತ್ತದೆ. ಹೀಗೇ ಮುಂದುವರಿಯಲಿ. ವೈಲ್ಡರ್ ಹೇಳಿದಂತೆ ಹಳೆಯ ಸರಾಸರಿಗೆ 13 ಪಾಲು, ಇವತ್ತಿನ ಅಂಕಿಗೆ 1 ಪಾಲು ಕೊಟ್ಟು ಸರಾಸರಿ ಹಾಕುತ್ತಾ ಹೋಗಿ.

ಓಟದ 13ನೇ ದಿನ ಬೆಲೆ 118. ಆರ್‌ಎಸ್‌ಐ ಮೊದಲ ಸಲ 70 ದಾಟುತ್ತದೆ. ‘ಅತಿಖರೀದಿ’ ಅಂತ ಓದಿಕೊಂಡವನು ಅವತ್ತೇ ಮಾರುತ್ತಾನೆ. 15ನೇ ದಿನ 68ಕ್ಕೆ ಇಳಿದು, ಮರುದಿನವೇ ಮತ್ತೆ 70ರ ಮೇಲೆ ಹತ್ತುತ್ತದೆ. ಅಲ್ಲಿಂದ 60ನೇ ದಿನದವರೆಗೆ ಒಮ್ಮೆಯೂ 70ರ ಕೆಳಗೆ ಬರುವುದಿಲ್ಲ. ಕೊನೆಕೊನೆಗೆ 77 ಮತ್ತು 83ರ ನಡುವೆಯೇ ಆಡುತ್ತಿರುತ್ತದೆ. 60ನೇ ದಿನದ ಬೆಲೆ 172.

ಇಲ್ಲಿ ಎರಡು ವಿಷಯ ನೋಡಿ. ಒಂದು, ಇಳಿಕೆಯ ದಿನಗಳು ಇಲ್ಲದೇ ಇಲ್ಲ. ಐದರಲ್ಲಿ ಒಂದು ದಿನ ಇಳಿಯುತ್ತಲೇ ಇದೆ. ಆದರೆ ಅದು ಏರಿಕೆಯ ನಾಲ್ಕರಲ್ಲಿ ಒಂದು ಪಾಲಷ್ಟೇ ಆದ್ದರಿಂದ ಗೆರೆ 80ರ ಸುತ್ತ ನಿಂತುಬಿಡುತ್ತದೆ. ಎರಡು, ದಿನಕ್ಕೆ 2ರ ಬದಲು 20 ರೂಪಾಯಿಯಂತೆ ಏರಿ ಇಳಿದರೂ, 50 ಪೈಸೆಯಂತೆ ಏರಿ ಇಳಿದರೂ ಆರ್‌ಎಸ್‌ಐ ಅದೇ 80. ವೇಗ ಹತ್ತು ಪಟ್ಟಾದರೂ ಮುಳ್ಳು ಅಲ್ಲಾಡುವುದಿಲ್ಲ. ಅದಕ್ಕೇ ‘ಏರುವೇಗ’ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಇದು ಎಷ್ಟು ಒಂದೇ ಕಡೆಗೆ ವಾಲಿದೆ ಅನ್ನೋದನ್ನು ಹೇಳುತ್ತದೆ.

21 ಹಾಕಿದರೆ ಗೆರೆಯ ಕುಣಿತ ಕಡಿಮೆಯಾಗುತ್ತೆ, ಅದು ನಿಜ. ಆದರೆ ಇಂಥ ಓಟದಲ್ಲಿ ಗೆರೆ ಇಳಿಯೋದಿಲ್ಲ, 80ಕ್ಕೆ ಇನ್ನೂ ಒತ್ತಾಗಿ ಅಂಟಿಕೊಳ್ಳುತ್ತೆ.

— ಚಿತ್ರದುರ್ಗ

ಪದದ ಬಗ್ಗೆ ನನ್ನದೂ ಒಂದು ಮಾತು. ‘ಅತಿ’ ಅಂದ ಕೂಡಲೇ ಕನ್ನಡದವರ ಕಿವಿಗೆ ತಪ್ಪು ಅಂತಲೇ ಕೇಳಿಸುತ್ತದೆ. ಅತಿಯಾದರೆ ಅಮೃತವೂ ವಿಷ ಅಂತ ಕೇಳಿ ಬೆಳೆದವರು ನಾವು. ಓದುಗರು ಮಾರೋಣ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ‘ಏರುವಾಲು’ ಅಂದರೆ ಹೇಗೆ? ಏರಿಕೆಯ ಕಡೆಗೆ ವಾಲಿದೆ ಅನ್ನೋದನ್ನು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಇನ್ನೊಂದು, ‘ಸಾಪೇಕ್ಷ ಬಲ ಸೂಚ್ಯಂಕ’ ಅಂತ ಬರೆಯಬೇಡಿ. ನಮ್ಮ ಪತ್ರಿಕೆಗಳಲ್ಲಿ ಸೂಚ್ಯಂಕ ಅಂದರೆ ಸೆನ್ಸೆಕ್ಸ್, ನಿಫ್ಟಿ. ‘ಸೂಚಕ’ ಸಾಕು.

— ಹಿರಿಯೂರಿನ ನಿವೃತ್ತ ಮೇಷ್ಟ್ರು

ಮೇಷ್ಟ್ರೆ, ‘ಸಾಪೇಕ್ಷ’ ಅನ್ನೋದೂ ಗೊಂದಲವೇ. ಒಂದು ಷೇರನ್ನು ನಿಫ್ಟಿಯ ಜೊತೆ ಹೋಲಿಸಿ ನೋಡುವ ಬೇರೆ ಲೆಕ್ಕಕ್ಕೂ ರಿಲೇಟಿವ್ ಸ್ಟ್ರೆಂತ್ ಅಂತಲೇ ಹೆಸರು. ಆರ್‌ಎಸ್‌ಐ ಷೇರನ್ನು ಅದರ ಹಿಂದಿನ ದಿನಗಳ ಜೊತೆಗೇ ಹೋಲಿಸುತ್ತದೆ. ‘ಏರುವಾಲು’ ಚೆನ್ನಾಗಿದೆ, ಆದರೆ ‘ಏರುಬಾಲ’ ಅಂತ ಓದುವವರೂ ಸಿಗುತ್ತಾರೆ!

ದುರ್ಗದವರಿಗೆ ಒಂದು ಪ್ರಶ್ನೆ. 70 ದಾಟಿದಾಗ ಮಾರದೆ, 70ರ ಕೆಳಗೆ ಬಂದಾಗ ಮಾರಿ ಅಂತ ಬರೆದರೆ ಸಾಕಲ್ವಾ?

— ಪಿ.ಜೆ. ಬಡಾವಣೆ

ಸಾಕಾಗಲ್ಲ ಮೇಡಂ. ಮೇಲಿನ ಲೆಕ್ಕದಲ್ಲೇ 15ನೇ ದಿನ ನೋಡಿ. 68ಕ್ಕೆ ಇಳಿದದ್ದು ನೋಡಿ ಮಾರಿದವನೂ 118ಕ್ಕೇ ಮಾರಿದ. ಅವತ್ತು ಹೇಗೋ ತಡೆದುಕೊಂಡಿದ್ದರೆ ಕೊನೆಯಲ್ಲಿ ಒಳ್ಳೆಯದಾಗುತ್ತಿತ್ತು. 60ನೇ ದಿನದ ಇಳಿಕೆಯ ಮೇಲೆ ಇನ್ನೂ ಎರಡು ದಿನ ಇಳಿಯಿತು ಅನ್ನಿ. ಬೆಲೆ 170, ಆಮೇಲೆ 168. ಆರ್‌ಎಸ್‌ಐ 77ರಿಂದ 71, ಅಲ್ಲಿಂದ 66. ತುದಿಯ 174ರಿಂದ 6 ರೂಪಾಯಿ ಮಾತ್ರ ಬಿಟ್ಟುಕೊಟ್ಟ ಹಾಗಾಯಿತು. ಒಂದೇ ನಿಯಮ, ಒಮ್ಮೆ ಕೆಡಿಸಿತು, ಒಮ್ಮೆ ಉಳಿಸಿತು.

ವಿದ್ಯಾನಗರದವರು ಇದಕ್ಕೆ ಡೈವರ್ಜೆನ್ಸ್ ನೋಡಿ ಅನ್ನಬಹುದು.

— ಚಿತ್ರದುರ್ಗ

ಅನ್ನೋದೇನು, ಅದನ್ನೇ ಟೈಪ್ ಮಾಡ್ತಾ ಇದ್ದೆ! ಬೆಲೆ ಹೊಸ ಎತ್ತರ, ಆರ್‌ಎಸ್‌ಐ ಹಿಂದಿನದಕ್ಕಿಂತ ತಗ್ಗು. ಅಲ್ಲಿಗೆ ಓಟ ಮುಗಿಯಿತು.

— ವಿದ್ಯಾನಗರ

ದಣಿದಿದೆ ಅನ್ನಿ, ಮುಗಿಯಿತು ಅನ್ನಬೇಡಿ. ಅದೇ ಷೇರು ಈಗ ನಾಲ್ಕು ದಿನ ಒಂದೂವರೆ ರೂಪಾಯಿಯಂತೆ ಏರಲಿ, ಐದನೇ ದಿನ ಮೊದಲಿನಂತೆ 2 ರೂಪಾಯಿ ಇಳಿಯಲಿ. ಏರಿಕೆ 6, ಇಳಿಕೆ 2. ಆರ್‌ಎಸ್‌ಐ ನಿಧಾನವಾಗಿ 80ರಿಂದ 75ರ ಸುತ್ತಕ್ಕೆ ಬರುತ್ತದೆ. ಚಾರ್ಟಿನಲ್ಲಿ ಡೈವರ್ಜೆನ್ಸ್ ಕಣ್ಣಿಗೆ ಹೊಡೆಯುತ್ತದೆ. ಆದರೆ ಬೆಲೆ ಐದು ದಿನಕ್ಕೆ 4 ರೂಪಾಯಿಯಂತೆ ಇನ್ನೂ ಏರುತ್ತಲೇ ಇದೆ.

ನಾನು ಮೊದಲು ನೋಡುವುದು ಬೇರೆ. ಓಡುವ ಪೇಟೆಯಾ, ಒಂದೇ ಕಡೆ ಆಡುವ ಪೇಟೆಯಾ? ಆಡುವ ಪೇಟೆಯಲ್ಲಿ ಏರಿಕೆ ಇಳಿಕೆ ಸರಿಸಮ, ಅಲ್ಲಿ 70 ಅನ್ನೋದು ಅಪರೂಪದ ವಾಲಿಕೆ, ಹಿಂದಕ್ಕೆ ಬರೋದೇ ಜಾಸ್ತಿ. 70–30ರ ಗೆರೆಗಳು ಬಾಳುವುದು ಅಲ್ಲಿ. ಓಡುವ ಪೇಟೆಗೆ ಆಂಡ್ರ್ಯೂ ಕಾರ್ಡ್‌ವೆಲ್ ಅನ್ನೋರು ಬೇರೆ ಗೆರೆ ಹಾಕಿದರು. ಏರುಗಾಲದಲ್ಲಿ ಆರ್‌ಎಸ್‌ಐ 40ರಿಂದ 80ರವರೆಗೆ, ಇಳಿಗಾಲದಲ್ಲಿ 20ರಿಂದ 60ರವರೆಗೆ ಆಡುತ್ತೆ ಅಂತ. ಅಂದರೆ ಗಮನಿಸಬೇಕಾದ್ದು ಗೆರೆ ಮೇಲೆ ಎಲ್ಲಿ ಮುಟ್ಟಿತು ಅನ್ನೋದಕ್ಕಿಂತ, ಬೆಲೆ ಹಿಂದೆ ಸರಿದಾಗ ಅದು ಕೆಳಗೆ ಎಲ್ಲಿ ನಿಂತಿತು ಅನ್ನೋದು. 40–50ರಲ್ಲಿ ನಿಂತು ಮತ್ತೆ ಹತ್ತಿದರೆ ಓಟ ಇನ್ನೂ ಇದೆ. 40ನ್ನೂ ಒಡೆದು ಹೋದರೆ ನಾನು ಕೈ ಹಿಂದೆ ತೆಗೆಯುತ್ತೇನೆ. ಇದೂ ಅಂದಾಜಿನ ಗೆರೆಯೇ.

— ಚಿತ್ರದುರ್ಗ

ನಂದೊಂದು ಸಣ್ಣ ಪ್ರಶ್ನೆ. ಷೇರು ಗೀರು ಗೊತ್ತಿಲ್ಲ. ಎರಡು ಎಕರೆ ಅಡಿಕೆ ಇದೆ. ರೇಟು ಏರಿದಾಗಲೆಲ್ಲ ‘ಇನ್ನೂ ಇಡ್ಲಾ, ಕೊಡ್ಲಾ’ ಅಂತ ಮನೆಯಲ್ಲಿ ಜಗಳ. ಭೀಮಸಮುದ್ರದ ಧಾರಣೆಗೆ ಈ ಲೆಕ್ಕ ಹಾಕಬಹುದಾ?

— ಹೊಳಲ್ಕೆರೆ

ಹಾಕಬಹುದು ಅಣ್ಣ, ಆದರೆ ಪತ್ರಿಕೆಯಲ್ಲಿ ಬರೋ ಕನಿಷ್ಠ, ಗರಿಷ್ಠ ಎರಡನ್ನೂ ಬಿಡಿ. ಒಂದೇ ಬಗೆ ಹಿಡಿಯಿರಿ, ರಾಶಿ ಅಂದರೆ ರಾಶಿ ಮಾತ್ರ, ಅದರ ಸರಾಸರಿ ಧಾರಣೆ ಬರೆದಿಡಿ. ವ್ಯಾಪಾರ ನಡೆದ ದಿನಗಳನ್ನಷ್ಟೇ ಎಣಿಸಿ. ಗರಿಷ್ಠ ಬೆಲೆ ಒಂದೆರಡು ಒಳ್ಳೆಯ ಚೀಲದಿಂದಲೇ ಜಿಗಿದುಬಿಡುತ್ತೆ, ಆಗ ಲೆಕ್ಕ ಕೆಡುತ್ತೆ. 80 ಬಂದರೆ ಅದರ ಅರ್ಥ ‘ಕೊಡು’ ಅಂತಲ್ಲ. ಇತ್ತೀಚೆಗೆ ಇಳಿದದ್ದಕ್ಕಿಂತ ನಾಲ್ಕು ಪಟ್ಟು ಏರಿದೆ ಅಂತ ಅಷ್ಟೇ. ನಿಮ್ಮ ಅಡಿಕೆ ಇನ್ನೆಷ್ಟು ದಿನ ಬಣ್ಣ ಕೆಡದೆ ಇರುತ್ತೆ ಅನ್ನೋದು ಆರ್‌ಎಸ್‌ಐಗೆ ಗೊತ್ತಿಲ್ಲ.

— ಚಿತ್ರದುರ್ಗ

ಮೇಷ್ಟ್ರಿಗೂ ದುರ್ಗದವರಿಗೂ ವಂದನೆ. ಸದ್ಯಕ್ಕೆ ‘ಓವರ್‌ಬಾಟ್’ ಅನ್ನೋದನ್ನು ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ ‘ಏರಿಕೆಯ ಕಡೆಗೆ ಜೋರಾಗಿ ವಾಲಿದೆ’ ಅಂತ ಬಿಡಿಸಿ ಬರೆಯುತ್ತೇನೆ. ‘ಓವರ್‌ಸೋಲ್ಡ್’ಗೂ ಇದೇ ತೊಂದರೆ ಇದೆಯಲ್ಲ. ಅದಕ್ಕೆ ಯಾರಾದರೂ ಪದ ಕೊಡಿ. ‘ಇಳಿವಾಲು’ ಮಾತ್ರ ಬೇಡ, ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

— ಪಿ.ಜೆ. ಬಡಾವಣೆ