ಸಹಾಯ ಬೇಕು: 90 ಗಿಡಕ್ಕೆ ತಾಳೆಯಾದರೂ ಕಪ್ಪಾ 0.44 ಯಾಕೆ?

ನಮಸ್ಕಾರ. ಆಳಂದ ಕಡೆ ತೊಗರಿ ಹೊಲದಲ್ಲಿ ನಾನು, ನನ್ನ ಗೆಳೆಯ ಅದೇ 100 ಗಿಡಗಳನ್ನು ಬೇರೆ ಬೇರೆಯಾಗಿ ನೋಡಿ ನೆಟೆ ರೋಗ ಇದೆಯೋ ಇಲ್ಲವೋ ಬರೆದೆವು. ಇಬ್ಬರೂ "ಇದೆ" ಅಂದಿದ್ದು 5, ಇಬ್ಬರೂ "ಇಲ್ಲ" ಅಂದಿದ್ದು 85. ನಾನೊಬ್ಬನೇ "ಇದೆ" ಅಂದಿದ್ದು 5, ಅವನೊಬ್ಬನೇ ಅಂದಿದ್ದೂ 5.

ತಾಳೆ 0.90 ಅಂತ ಖುಷಿಯಾಗಿದ್ದೆ. ಆದರೆ ಇಬ್ಬರೂ "ಇದೆ" ಅಂದಿದ್ದು ತಲಾ 10 ಗಿಡಕ್ಕೆ. ಹಾಗಾಗಿ ಕಣ್ಣು ಮುಚ್ಚಿ ಬರೆದಿದ್ದರೂ ಮೊದಲ ಸಾಲಿನಷ್ಟು ಕೂಡಿಬರುತ್ತಿತ್ತು; ಆ ಆಕಸ್ಮಿಕ ತಾಳೆ ಕಳೆದು ನೋಡುವ ಅಳತೆಯೇ ಕಪ್ಪಾ, ಅದು ಎರಡನೇ ಸಾಲು:

```
0.10×0.10 + 0.90×0.90 = 0.82
(0.90 − 0.82) / (1 − 0.82) = 0.44
```

ಅಂದರೆ ಆರೋಗ್ಯದ ಗಿಡಗಳೇ ಜಾಸ್ತಿ ಇದ್ದಿದ್ದರಿಂದ 0.90 ಬಂತು, ಅಲ್ವಾ? "ಇದೆ" ಅನ್ನುವುದರಲ್ಲಿ ಮಾತ್ರ ನೋಡಿದರೆ ತಾಳೆ ಬರೀ ಅರ್ಧ: 2×5/(10+10).

ಜಗಳ ಬಂದ 10 ಗಿಡಗಳಲ್ಲಿ ಹೆಚ್ಚಿನವು ಮಧ್ಯಾಹ್ನದ ಬಿಸಿಲಿಗೆ ಸುಮ್ನೆ ಬಾಡಿದ್ದವು ಅಂತ ನನ್ನ ಅನುಮಾನ. ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ನೋಡಲೇ ಇಲ್ಲ, ಅದು ನಮ್ಮ ತಪ್ಪು.

ವರದಿಯಲ್ಲಿ ಕಪ್ಪಾ ಜೊತೆ ಆ ಅರ್ಧದ ಲೆಕ್ಕವನ್ನೂ ಕೊಡಬೇಕಾ? ಮುಂದಿನ ಸಲ ರೋಗ ಜಾಸ್ತಿ ಇರುವ ಹೊಲ ಆರಿಸಿದರೆ ಮೋಸ ಆಗುತ್ತದಾ? ಮಾಡಿದವರು ಯಾರಾದರೂ ಹೇಳಿ.