ಪದ ಬೇಕು: ಹೀಪ್, ಪಿವಟ್, ಕ್ವಿಕ್‌ಸೆಲೆಕ್ಟ್ (ಇವತ್ತು ಸಂಜೆಯೊಳಗೆ)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಕಾಲೇಜು ಮಕ್ಕಳ ಪ್ರೋಗ್ರಾಮಿಂಗ್ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೋಡಿಸದ ಪಟ್ಟಿಯಲ್ಲಿ k-ನೇ ದೊಡ್ಡ ಸಂಖ್ಯೆ ಹುಡುಕುವ ಅಧ್ಯಾಯ, ಸಂಜೆ ಅಚ್ಚಿಗೆ ಹೋಗಬೇಕು. ಅತಿ ಚಿಕ್ಕದೋ ಅತಿ ದೊಡ್ಡದೋ ಸದಾ ಮೇಲಿರುವಂತೆ ಸಂಖ್ಯೆಗಳನ್ನು ಇಡುವ ಹೀಪ್‌ಗೆ ‘ರಾಶಿ’, ಪಟ್ಟಿಯನ್ನು ದೊಡ್ಡವು, ಚಿಕ್ಕವು ಎಂದು ಪಾಲು ಮಾಡಲು ಆರಿಸುವ ಪಿವಟ್‌ಗೆ ‘ಮೇಟಿ’, ಹಾಗೆ ಪಾಲು ಮಾಡುತ್ತಾ ಹುಡುಕುವ ಕ್ವಿಕ್‌ಸೆಲೆಕ್ಟ್‌ಗೆ ‘ಚುರುಕು ಆಯ್ಕೆ’ ಎಂದು ಹಾಕಿದ್ದೇನೆ. ವಾಕ್ಯ ಹೀಗಿದೆ: “ಚಿಕ್ಕದು ಮೇಲಿರುವ, k ಸಂಖ್ಯೆಗಳಷ್ಟೇ ಇರುವ ರಾಶಿಯೊಂದನ್ನು ಇಟ್ಟುಕೊಳ್ಳಿ.” ನಡೆಯುತ್ತಾ?

ಕಣಜ:
ರಾಶಿ ಸಂಸ್ಕೃತ. ‘ಗುಡ್ಡೆ’ ಇರುವಾಗ ಅದ್ಯಾಕೆ? ಮೇಟಿ ಸೊಗಸಾಗಿದೆ, ಇರಲಿ. ಕಣದ ನಡುವೆ ಎತ್ತು ಸುತ್ತುವ ಕಂಬ ಅದು.

ಗುಂಡಿಮನೆ:
ಪದ ಆಮೇಲೆ ನೋಡೋಣ, ವಾಕ್ಯವೇ ತಲೆಕೆಳಗಾಗಿದೆ. ದೊಡ್ಡದನ್ನು ಹುಡುಕುವಾಗ ದೊಡ್ಡದೇ ಮೇಲಿರಬೇಕು ಅಲ್ವಾ? ಮೇಲಿನದನ್ನು k ಸಲ ತೆಗೆದರೆ ಉತ್ತರ ಸಿಕ್ಕಿತು.

ಹಳೆ ಸದಸ್ಯ:
ಗುಂಡಿಮನೆಯವರೇ, ನೀವು ಹೇಳಿದ ದಾರಿಯೂ ಸರಿ. ಆದರೆ ಅದಕ್ಕೆ ಇಡೀ ಪಟ್ಟಿಯನ್ನು ಹೀಪ್ ಮಾಡಬೇಕು. ಅವರ ವಾಕ್ಯದಲ್ಲಿರುವುದು ಬೇರೆ ದಾರಿ. 7, 2, 9, 4, 11, 5, 8 ಇದೆ, ಮೂರನೇ ದೊಡ್ಡದು ಬೇಕು ಅಂದುಕೊಳ್ಳಿ. ಮೊದಲು 7, 2, 9 ಒಳಗೆ ಬರುತ್ತವೆ, ತಲೆಯಲ್ಲಿ 2. ಆಮೇಲೆ 4 ಬಂತು, 2ಕ್ಕಿಂತ ದೊಡ್ಡದು, 2 ಹೊರಗೆ. 11 ಬಂದಾಗ 4 ಹೊರಗೆ. 5 ಬಂದರೆ ತಲೆಯಲ್ಲಿರುವ 7ಕ್ಕಿಂತ ಚಿಕ್ಕದು, ಬಾಗಿಲಲ್ಲೇ ವಾಪಸ್. 8 ಬಂದಾಗ 7 ಹೊರಗೆ. ಉಳಿದದ್ದು 8, 9, 11. ತಲೆಯಲ್ಲಿರುವ 8 ಉತ್ತರ. ಯಾರನ್ನು ಹೊರಗೆ ಹಾಕಬೇಕು ಅಂತ ತಕ್ಷಣ ಗೊತ್ತಾಗಬೇಕು, ಅದಕ್ಕೇ ಚಿಕ್ಕದು ಮೇಲೆ. ಸಂಖ್ಯೆಗಳು ಒಂದೊಂದಾಗಿ ಬರುತ್ತಲೇ ಇದ್ದರೂ ಇದು ನಡೆಯುತ್ತದೆ, k ಜಾಗ ಸಾಕು. ಕ್ವಿಕ್‌ಸೆಲೆಕ್ಟ್‌ಗೆ ಪಟ್ಟಿ ಪೂರ್ತಿ ಕೈಯಲ್ಲಿರಬೇಕು.

‘ಚುರುಕು ಆಯ್ಕೆ’ ನನಗೆ ಹಿಡಿಸಲಿಲ್ಲ. ಇದನ್ನು ಕಂಡುಹಿಡಿದ ಟೋನಿ ಹೋರ್ 1961ರಲ್ಲಿ ಪ್ರಕಟಿಸಿದಾಗ ಇಟ್ಟ ಹೆಸರು ಬರೀ FIND. ‘ಹುಡುಕು’ ಅಂದರೆ ಸಾಕು.

ಕಣಜ:
‘ಹುಡುಕು’ ಎಂದರೆ ಯಾವ ಹುಡುಕಾಟ? ಎಲ್ಲವೂ ಹುಡುಕಾಟವೇ. ಒಪ್ಪಲಾಗದು.

ಮೇಷ್ಟ್ರು:
ನಮ್ಮ ಶಾಲೆಯಲ್ಲೂ ಇದೇ ಗೋಳು. ಮೂರನೇ ರ‍್ಯಾಂಕ್ ಯಾರಿಗೆ ಅಂತ ಪ್ರತಿ ವರ್ಷ ಜಗಳ. 98, 98, 97 ಬಂದರೆ 97 ತೆಗೆದವನು ಎರಡನೆಯವನೋ ಮೂರನೆಯವನೋ? ‘ರ‍್ಯಾಂಕ್’ಗೆ ಕನ್ನಡ ಪದ ಏನು, ಅದನ್ನೂ ಹೇಳಿ.

ಅನುವಾದಕಿ:
ಸರ್, ಅದು ಬೇರೆ ಪ್ರಶ್ನೆ, ಆದರೆ ಪಾಠದಲ್ಲಿ ಈ ಮಾತೇ ಇಲ್ಲ. ಇಲ್ಲಿ 97 ಮೂರನೆಯದೇ ತಾನೆ?

ಹಳೆ ಸದಸ್ಯ:
ಹೌದು, ಸಾಮಾನ್ಯವಾಗಿ ಒಂದೇ ಸಂಖ್ಯೆ ಎರಡು ಸಲ ಬಂದರೆ ಎರಡೂ ಲೆಕ್ಕಕ್ಕೆ. ಅದನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಮೇಷ್ಟ್ರ ಅಂಕಪಟ್ಟಿಯಲ್ಲಿ ಇನ್ನೊಂದು ತೊಂದರೆಯೂ ಇದೆ, ಅದು ಪಿವಟ್‌ನದು.

ಕ್ವಿಕ್‌ಸೆಲೆಕ್ಟ್ ಹೀಗೆ: ಅದೇ ಪಟ್ಟಿಯಲ್ಲಿ ಮೊದಲ 7ನ್ನು ಪಿವಟ್ ಮಾಡಿ. ಅದಕ್ಕಿಂತ ದೊಡ್ಡವು 9, 11, 8, ಮೂರೇ. ನಮಗೆ ಬೇಕಾದ ಮೂರನೆಯದು ಅಲ್ಲೇ ಇದೆ, ಉಳಿದದ್ದನ್ನು ಮರೆತುಬಿಡಿ. ಈಗ 9 ಪಿವಟ್: ದೊಡ್ಡದು 11 ಒಂದೇ, 9 ಎರಡನೆಯದು, ಹಾಗಾಗಿ 8 ಮೂರನೆಯದು. ಪ್ರತಿ ಸಲ ಒಂದು ಪಾಲು ಬಿಟ್ಟುಹೋಗುವುದರಿಂದ ಪಟ್ಟಿಯಲ್ಲಿ n ಸಂಖ್ಯೆಗಳಿದ್ದರೆ ಒಟ್ಟು ಕೆಲಸ ಸರಾಸರಿ ಅದರ ಕೆಲವೇ ಪಟ್ಟು.

ಪಿವಟ್ ಕೆಟ್ಟದಾದರೆ ಕಥೆ ಬೇರೆ. 1,00,000 ಸಂಖ್ಯೆಗಳು ಮೊದಲೇ ಏರಿಕೆ ಕ್ರಮದಲ್ಲಿವೆ, ಯಾವಾಗಲೂ ಮೊದಲನೆಯದನ್ನೇ ಪಿವಟ್ ಮಾಡುತ್ತೀರಿ, ಬೇಕಾದದ್ದು ಎಲ್ಲಕ್ಕಿಂತ ದೊಡ್ಡದು. ಪ್ರತಿ ಸುತ್ತಿಗೆ ಒಂದೇ ಸಂಖ್ಯೆ ಬಿಟ್ಟುಹೋಗುತ್ತದೆ. ಹೋಲಿಕೆಗಳು ಸುಮಾರು 500 ಕೋಟಿ. ಕಲಸಿದ ಪಟ್ಟಿಯಲ್ಲಿ ಚಕಚಕ ಓಡಿದ ಪ್ರೋಗ್ರಾಂ, ಜೋಡಿಸಿದ ಪಟ್ಟಿ ಕೊಟ್ಟಾಗ ತೆವಳಿದರೆ ಕಾರಣ ಇದೇ. ಪಿವಟ್ ಮನಬಂದಂತೆ ಆರಿಸಿದರೆ ಇದು ಹೋಗುತ್ತದೆ. ಆದರೆ ಎಲ್ಲರಿಗೂ 98 ಬಂದು, ಸಮ ಇರುವವೆಲ್ಲ ಒಂದೇ ಪಾಲಿಗೆ ಬಿದ್ದರೆ ಹಾಗೆ ಆರಿಸಿಯೂ ಉಪಯೋಗವಿಲ್ಲ. ದೊಡ್ಡವು, ಸಮ, ಚಿಕ್ಕವು ಅಂತ ಮೂರು ಪಾಲು ಮಾಡಬೇಕು. ಹೀಪ್‌ಗೆ ಈ ಯಾವ ರಗಳೆಯೂ ಇಲ್ಲ. ಎಂಥ ಪಟ್ಟಿ ಕೊಟ್ಟರೂ ಕೆಲಸ n log kಯ ಕೆಲವೇ ಪಟ್ಟು ದಾಟುವುದಿಲ್ಲ.

ಅಂದಹಾಗೆ, ಇಲ್ಲಿ ಏನೂ ಸುತ್ತುವುದಿಲ್ಲ. ಮೇಟಿ ಯಾಕೆ? ‘ಗಡಿ’ ಅನ್ನಿ.

ಕಣಜ:
ಮೇಟಿ ಬಿಡಬೇಡಿ. ಅಚ್ಚಗನ್ನಡ ಪದ.

ಗುಂಡಿಮನೆ:
ಸಂಸ್ಕೃತದಲ್ಲೂ ‘ಮೇಥಿ’ ಇದೆ ಸ್ವಾಮಿ, ಅದೇ ಕಂಬ. ಯಾರು ಯಾರಿಂದ ತಗೊಂಡರೋ. ರಾಶಿಯನ್ನು ಓಡಿಸಿ ಮೇಟಿಯನ್ನು ಕೂರಿಸುವುದು ಯಾವ ನ್ಯಾಯ? ಸುಮ್ನೆ ಹೀಪ್, ಪಿವಟ್ ಅಂತಲೇ ಬರೆಯಲಿ. ಮಕ್ಕಳು ನಾಳೆ ಪೈತಾನ್‌ನಲ್ಲಿ `heapq` ಅಂತ ಟೈಪ್ ಮಾಡಬೇಕು, ‘ಗುಡ್ಡೆ’ ಅಂತ ಅಲ್ಲ.

ಕಣಜ:
ಹಾಗಾದರೆ ಪಾಠವನ್ನೇ ಇಂಗ್ಲಿಷಿನಲ್ಲಿ ಇಡಿ. ಅನುವಾದ ಯಾಕೆ?

ಅನುವಾದಕಿ:
ಹೀಪ್ ಹೀಪ್ ಆಗಿಯೇ ಇರುತ್ತದೆ, ಪಿವಟ್‌ಗೆ ‘ಗಡಿ ಸಂಖ್ಯೆ’. ಎರಡು ಸಲ ಬರುವ ಸಂಖ್ಯೆಯ ಬಗ್ಗೆ ಒಂದು ಸಾಲು ಸೇರಿಸಿದೆ. ಕ್ವಿಕ್‌ಸೆಲೆಕ್ಟ್ ಇನ್ನೂ ಖಾಲಿ ಇದೆ, ಆರು ಗಂಟೆವರೆಗೆ ಕಾಯುತ್ತೇನೆ.

ಮೇಷ್ಟ್ರು:
ರ‍್ಯಾಂಕ್‌ಗೆ ಯಾರೂ ಹೇಳಲಿಲ್ಲ.