ನಿದ್ದೆಯಲ್ಲಿ ಹೃದಯ ಬಡಿತ 55 ಇದ್ದದ್ದು 63 ಆಗಿದೆ, ಇಳಿತ ಶೇ. 9 ಅಷ್ಟೇ. ಯಾರಿಗಾದರೂ ಹೀಗಾಗಿದೆಯಾ?

ಹುಲೇಕಲ್ ರಸ್ತೆಯವ: ಶಿರಸಿ ಕಡೆಯವನು, ವಯಸ್ಸು 47. ವರ್ಷದಿಂದ ರಾತ್ರಿಯೂ ವಾಚ್ ಕಟ್ಟಿಕೊಂಡೇ ಮಲಗುತ್ತೇನೆ. ನಿದ್ದೆಯ ಸರಾಸರಿ ಬಡಿತ 55ರ ಆಸುಪಾಸು ಇರುತ್ತಿತ್ತು. ಮೂರು ವಾರದಿಂದ 63. ಹಗಲಿಗಿಂತ ರಾತ್ರಿ ಬಡಿತ ಎಷ್ಟು ಇಳಿಯಿತು ಅನ್ನುವಲ್ಲಿ ‘ರಾತ್ರಿ ಇಳಿತ ಶೇ. 9, ಕಡಿಮೆ’ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತಿದೆ. ಎದೆನೋವು, ಏದುಸಿರು ಯಾವುದೂ ಇಲ್ಲ. ಅಪ್ಪನಿಗೆ 58ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ಹಾಗಾಗಿ ತಲೆಬಿಸಿ. ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು? ಅನುಭವ ಇದ್ದವರು ಹೇಳಿ.

ಕಡಲದಂಡೆ ಓಟ, ಕಾರವಾರ: ಶೇ. 10ರ ಕೆಳಗೆ ಇಳಿತ ಇದ್ದರೆ ಹೃದಯಕ್ಕೆ ರಾತ್ರಿ ವಿಶ್ರಾಂತಿ ಸಿಗುತ್ತಿಲ್ಲ ಅಂತಲೇ ಅರ್ಥ. ನನ್ನದು ನಿದ್ದೆಯಲ್ಲಿ 44, ಇಳಿತ ಶೇ. 25. ಬೆಳಿಗ್ಗೆ ದಂಡೆಯ ಮೇಲೆ ಓಡುತ್ತೇನೆ. ಸಂಖ್ಯೆ ಎಷ್ಟು ಕೆಳಗಿದ್ದರೆ ಹೃದಯ ಅಷ್ಟು ಗಟ್ಟಿ. ನೀವೂ ಓಟ ಶುರುಮಾಡಿ, ಮೂರು ತಿಂಗಳಲ್ಲಿ ಇಳಿಯುತ್ತದೆ.

ಇನ್ನೊಂದು ಮಾತು. 25 ಕಿ.ಮೀ. ಓಡಿದ ದಿನ ರಾತ್ರಿ ನನಗೂ 44ರ ಬದಲು 50 ಬರುತ್ತದೆ. ಮರುದಿನ ರಾತ್ರಿ 45ಕ್ಕೆ ಬಂದರೆ ದೇಹ ಚೇತರಿಸಿಕೊಂಡಿತು ಅಂತ ಲೆಕ್ಕ. ಎರಡನೇ ರಾತ್ರಿಯೂ 49–50ರಲ್ಲೇ ನಿಂತರೆ ಓಟ ಬಿಟ್ಟು ಬರೇ ನಡೆಯುತ್ತೇನೆ. ಒಮ್ಮೆ ಕಾರಣವೇ ಇಲ್ಲದೆ 56 ಬಂತು. ಮರುದಿನ ಸಂಜೆ ಜ್ವರ.

ಹೋಲ್ಟರ್ ಕುಮಟಾ: 14 ವರ್ಷದಿಂದ ಹೋಲ್ಟರ್, ಅಂದರೆ ದಿನವಿಡೀ ಹೃದಯ ಬಡಿತ ದಾಖಲಿಸುವ ಯಂತ್ರ ಕಟ್ಟಿ ಕಳಿಸಿ, ಮರುದಿನ ಅದರ ಪಟ್ಟಿ ಓದುವ ಕೆಲಸ ನನ್ನದು. ಡಾಕ್ಟರ್ ಅಲ್ಲ, ಟೆಕ್ನಿಷಿಯನ್.

ಓಟದವರು ಚೇತರಿಕೆಯ ಬಗ್ಗೆ ಹೇಳಿದ್ದು ಸರಿ. ತಮ್ಮ ಸಂಖ್ಯೆಯನ್ನು ತಮ್ಮದೇ ಹಿಂದಿನ ಸಂಖ್ಯೆಗೆ ಹೋಲಿಸುತ್ತಿದ್ದಾರೆ, ಇದಕ್ಕೆ ಅದೇ ಸರಿಯಾದ ಬಳಕೆ. ಆದರೆ ಆ ಶೇ. 10ರ ಗೆರೆ ಹೃದಯ ಬಡಿತದ್ದಲ್ಲ, ಬಿಪಿಯದ್ದು. ತೋಳಿಗೆ ಪಟ್ಟಿ ಕಟ್ಟಿ, 24 ಗಂಟೆ ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಬಿಪಿ ಅಳೆಯುವ ಯಂತ್ರ ಇದೆಯಲ್ಲ, ಅದರಲ್ಲಿ ರಾತ್ರಿ ಬಿಪಿ ಶೇ. 10ರಷ್ಟಾದರೂ ಇಳಿಯಬೇಕು ಅಂತ ನೋಡುತ್ತಾರೆ. ಅದನ್ನೇ ಬಡಿತಕ್ಕೂ ಎಳೆದು ತಂದಿದ್ದಾರೆ. ಬಡಿತ ಇಳಿಯದೇ ಇರುವುದು ಒಳ್ಳೆಯ ಲಕ್ಷಣ ಅಲ್ಲ, ನಿಜ. ಆದರೆ ಬಡಿತ ಇಳಿಯಿತು ಅಂದಮಾತ್ರಕ್ಕೆ ಬಿಪಿಯೂ ಇಳಿಯಿತು ಅಂತಲೂ ಅಲ್ಲ, ರಕ್ತನಾಳದಲ್ಲಿ ಅಡಚಣೆ ಇಲ್ಲ ಅಂತಲೂ ಅಲ್ಲ. ಅಪ್ಪನಿಗೆ ಆದದ್ದು ನಿಮಗೆ ಆಗುತ್ತದೋ ಇಲ್ಲವೋ ಅಂತ ಹೇಳುವ ಶಕ್ತಿ ಈ ಸಂಖ್ಯೆಗೆ ಇಲ್ಲ. ಅದಕ್ಕೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ.

ಕೇಳಿದವರಿಗೆ ನಾಲ್ಕು ಪ್ರಶ್ನೆ. ಹಗಲು ಎಚ್ಚರ ಇದ್ದಾಗಿನ ಸರಾಸರಿ ಎಷ್ಟು? ರಾತ್ರಿ ಊಟ ಎಷ್ಟು ಹೊತ್ತಿಗೆ? ಯಾವುದಾದರೂ ಮಾತ್ರೆ ಇದೆಯಾ? ಗ್ರಾಫಿನಲ್ಲಿ ಬಡಿತ ಅತಿ ಕೆಳಗೆ ಮುಟ್ಟುವುದು ಎಷ್ಟು ಗಂಟೆಗೆ?

ಅಂಕೋಲೆ ಅಕ್ಕ: ನಮ್ಮ ಮನೆಯವರಿಗೂ ಹೀಗೇ. ಮಗ ವಾಚ್ ಕೊಡಿಸಿದ ಮೇಲೆ ನನಗೆ ನಿದ್ದೆ ಇಲ್ಲ. ಇಳಿತ ಶೇ. 6 ಅಂತೆ. ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆ ಜೋರಾಗಿ ರಾತ್ರಿ ಹೃದಯ ನಿಂತೇ ಹೋದರೆ ಅಂತ ಹೆದರಿಕೆ. ಅರ್ಧ ಮಾತ್ರೆ ಕೊಡಲಾ?

ಹೋಲ್ಟರ್ ಕುಮಟಾ: ಅಕ್ಕಾ, ಮಾತ್ರೆ ಮುಟ್ಟಬೇಡಿ. ಈ ಜಾತಿಯ ಮಾತ್ರೆ ಒಮ್ಮೆಲೇ ಬಿಟ್ಟರೆ ಬಡಿತ, ಬಿಪಿ ಪುಟಿದೆದ್ದು ಎದೆನೋವು ಬಂದದ್ದಿದೆ. ಬರೆದುಕೊಟ್ಟವರನ್ನು ಕೇಳದೆ ಅರ್ಧವೂ ಮಾಡುವಂತಿಲ್ಲ.

ಇಳಿತ ಕಡಿಮೆ ಅಂದರೆ ರಾತ್ರಿ ತೀರಾ ಕೆಳಗೆ ಹೋಗುತ್ತಿದೆ ಅಂತಲ್ಲ. ಹಗಲಿಗೂ ರಾತ್ರಿಗೂ ಅಂತರ ಕಡಿಮೆ ಅಂತ. ಹಗಲಿನ ಏರಿಕೆಯನ್ನು ಕತ್ತರಿಸುವುದೇ ಆ ಮಾತ್ರೆಯ ಕೆಲಸ. ಅವರಿಗೆ ಹಗಲು 64, ರಾತ್ರಿ 60 ಇರಬಹುದು, ಆಗ ಶೇ. 6 ಬರುತ್ತದೆ. ಗುಡ್ಡದ ತಲೆ ಕಡಿದರೆ ಕಣಿವೆ ಆಳ ಕಡಿಮೆ ಕಂಡ ಹಾಗೆ. ಅದೇ ನಾಲ್ಕು ಬಡಿತದ ಅಂತರ ಮಾತ್ರೆಯೇ ಇಲ್ಲದವರಲ್ಲಿ, ಹಗಲು 92 ರಾತ್ರಿ 88 ಅಂತ ಬಂದರೆ ನಾನು ಡಾಕ್ಟರಿಗೆ ಗುರುತು ಹಾಕಿಯೇ ಕೊಡುತ್ತೇನೆ. ಬಹಳ ವರ್ಷದ ಸಕ್ಕರೆ ಕಾಯಿಲೆ ಹೃದಯದ ನರಗಳನ್ನು ತಿಂದಾಗ ಹೀಗೆ ಕಾಣುವುದುಂಟು. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಜಾಸ್ತಿ ಇದ್ದರೂ ರಾತ್ರಿ ಬಡಿತ ಮೇಲೆಯೇ ನಿಲ್ಲುತ್ತದೆ. ಮನೆಯವರಿಗೆ ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು ಇದ್ದರೆ ಮಾತ್ರ ಕೂಡಲೇ ತೋರಿಸಿ.

ಅಂಕೋಲೆ ಅಕ್ಕ: ಹಗಲು 65, ರಾತ್ರಿ 61 ಇದೆ. ತಲೆ ತಿರುಗುವುದೇನೂ ಇಲ್ಲ. ನನಗೇ ತಿರುಗಿದ್ದು.

ಹುಲೇಕಲ್ ರಸ್ತೆಯವ: ಉತ್ತರ ಇಲ್ಲಿದೆ. ಹಗಲು ಸರಾಸರಿ 74 ತೋರಿಸುತ್ತಿದೆ. ಮಾತ್ರೆ ಯಾವುದೂ ಇಲ್ಲ. ಈಗ ಕೊನೆಕೊಯ್ಲು ನಡೀತಾ ಇದೆ, ರಾತ್ರಿ ಅಡಿಕೆ ಸುಲಿಯಲು ಕೂತರೆ ಏಳುವುದು ಹತ್ತೂವರೆಗೆ. ಆಮೇಲೆ ಊಟ, ಹನ್ನೊಂದೂವರೆಗೆ ಮಲಗುವುದು. ಬಡಿತ ಅತಿ ಕೆಳಗೆ ಬರುವುದು ಬೆಳಗಿನ ಜಾವ 5:20ರ ಹೊತ್ತಿಗೆ. ಬೇಸಿಗೆಯ ಹಳೆಯ ಗ್ರಾಫ್ ತೆಗೆದು ನೋಡಿದೆ, ಆಗ 2:30ರ ಆಸುಪಾಸು ಇತ್ತು. ಇದು ಗಮನಕ್ಕೇ ಬಂದಿರಲಿಲ್ಲ.

ಹೋಲ್ಟರ್ ಕುಮಟಾ: ಸುಲಿಯುವಾಗ ಎಲೆ-ಅಡಿಕೆಯ ಕವಳ ಹಾಕುತ್ತೀರಾ? ತಂಬಾಕು ಇದೆಯಾ?

ಹುಲೇಕಲ್ ರಸ್ತೆಯವ: ಸುಲಿಯಲು ಕೂತಾಗ ಕವಳ ಇಲ್ಲದೆ ಆಗ್ತದಾ ಮಾರಾಯರೇ! ಎರಡು ಮೂರು. ಊಟ ಆದಮೇಲೆ ಇನ್ನೊಂದು. ತಂಬಾಕು ಇರುತ್ತದೆ.

ಹೋಲ್ಟರ್ ಕುಮಟಾ: ಹಾಗಾದರೆ ಮೊದಲು ಲೆಕ್ಕ ಸರಿಮಾಡೋಣ. ಹಗಲಿನ 74ರಿಂದ ರಾತ್ರಿಯ 63 ಕಳೆದರೆ 11. ಅದನ್ನು 74ರಿಂದ ಭಾಗಿಸಿದರೆ ಸುಮಾರು ಶೇ. 15. ವಾಚ್ ಶೇ. 9 ಹೇಗೆ ಹೇಳಿತು? ನಿಮ್ಮ ‘ವಿಶ್ರಾಂತಿ ಬಡಿತ’ ಎಷ್ಟು ತೋರಿಸುತ್ತದೆ ನೋಡಿ. 69ರ ಹತ್ತಿರ ಇದ್ದರೆ ಅದು ಆ ಸಂಖ್ಯೆಯಿಂದ ಕಳೆಯುತ್ತಿದೆ. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಬೇರೆಯವರ ವಾಚಿನ ಶೇಕಡಾ ಜೊತೆ ನಿಮ್ಮದನ್ನು ಹೋಲಿಸಿದರೆ ಸೇರಿನ ಅಕ್ಕಿಯನ್ನೂ ಕಿಲೋ ಅಕ್ಕಿಯನ್ನೂ ಒಂದೇ ಅಂದ ಹಾಗೆ. ಆ ಕೆಂಪು ಅಕ್ಷರ ಮರೆತುಬಿಡಿ.

ಆದರೆ 55 ಇದ್ದದ್ದು 63 ಆದದ್ದು ಸುಳ್ಳಲ್ಲ. ಎಂಟು ಬಡಿತ, ಅದೂ ಮೂರು ವಾರ ಸತತ. ಇದಕ್ಕೆ ಕಾರಣ ಇರಲೇಬೇಕು. ನನಗೆ ಸುಳಿವು ಕೊಟ್ಟದ್ದು ಆ 5:20. ಹೊಟ್ಟೆ ತುಂಬಿಸಿ ಗಂಟೆಯೊಳಗೆ ಮಲಗಿದರೆ ಜೀರ್ಣಕ್ಕೆ ರಕ್ತ ಕಳಿಸುವ ಕೆಲಸ ಹೃದಯಕ್ಕೆ ಉಳಿದೇ ಇರುತ್ತದೆ. ಅದರ ಮೇಲೆ ತಂಬಾಕಿನ ನಿಕೋಟಿನ್, ಅದು ಬಡಿತ ಏರಿಸುವಂಥದ್ದೇ. ಅಡಿಕೆಗೂ ಸ್ವಲ್ಪ ಆ ಗುಣ ಇದೆ. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲರ್ಧದಲ್ಲಿ. ಬಡಿತ ಇಳಿದು ನೆಲೆ ನಿಲ್ಲಬೇಕಾದ ಆ ಹೊತ್ತನ್ನೇ ಇವೆರಡೂ ತಿಂದುಹಾಕುತ್ತವೆ. ಆಗ ಗ್ರಾಫ್ ಜೋಳಿಗೆ ತೂಗುಬಿಟ್ಟ ಹಾಗೆ ನಡುವೆ ತಗ್ಗದೆ, ಘಟ್ಟ ಇಳಿದ ಹಾಗೆ ಬೆಳಗಿನವರೆಗೆ ಇಳಿಯುತ್ತಲೇ ಇರುತ್ತದೆ. ಸರಾಸರಿ ಏರಿ ಕಾಣುವುದು ಅದಕ್ಕೇ.

ಊಹೆ ಸರಿಯಾ ಅಂತ ನೋಡಲು ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಐದು ದಿನ ಊಟ ಎಂಟಕ್ಕೆ ಮುಗಿಸಿ, ಕವಳ ಇದ್ದ ಹಾಗೇ ಇರಲಿ. ಮುಂದಿನ ಐದು ದಿನ ಎಂಟರ ಮೇಲೆ ಕವಳವೂ ಬೇಡ. ವಾಚಿನ ಪಟ್ಟಿ ಮಣಿಕಟ್ಟಿನ ಗಂಟಿಗಿಂತ ಒಂದು ಬೆರಳು ಮೇಲೆ, ಅಲುಗದ ಹಾಗೆ ಕಟ್ಟಿ. ಸಡಿಲ ಇದ್ದರೆ ಬೆಳಕು ಸೋರಿ ಸಂಖ್ಯೆ ಹಾರುತ್ತದೆ.

ಬೈತಖೋಲ ಬೋಟ್: ನಾನು ಬೋಟಿನವ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಇದ್ದಾಗ ಮನೆಯಲ್ಲಿ ರಾತ್ರಿ ಸರಿಯಾಗಿ ಮಲಗುತ್ತೇನೆ, 54 ಬರುತ್ತದೆ. ಆಗಸ್ಟಿನಲ್ಲಿ ಸಮುದ್ರಕ್ಕೆ ಇಳಿದ ಮೇಲೆ ತುಂಡು ತುಂಡು ನಿದ್ದೆ, ಹಗಲು ಮಲಗುವುದು. 62ರ ಕೆಳಗೆ ಬರುವುದೇ ಇಲ್ಲ. ಎರಡು ಪೆಗ್ ಹಾಕಿದ ರಾತ್ರಿ 68. ಬಿಟ್ಟ ಮರುರಾತ್ರಿಯೇ ಇಳಿಯುತ್ತದೆ, ಅದೊಂದು ನಾನೇ ನೋಡಿದ್ದೇನೆ. ವಾಚ್ ಸುಳ್ಳು ಹೇಳುವುದಿಲ್ಲ, ನಮಗೇ ಕೇಳಲು ಮನಸ್ಸಿಲ್ಲ.

ಕಡಲದಂಡೆ ಓಟ, ಕಾರವಾರ: ಬಿಪಿಯ ಗೆರೆ ಅಂತ ಗೊತ್ತಿರಲಿಲ್ಲ. ಆದರೂ ಬಡಿತ ಕಡಿಮೆ ಇದ್ದಷ್ಟು ಒಳ್ಳೆಯದು ಅನ್ನುವುದನ್ನು ನಾನು ಬಿಡುವುದಿಲ್ಲ.

ಹೋಲ್ಟರ್ ಕುಮಟಾ: ಓಡುವವರಿಗೆ ನಿದ್ದೆಯಲ್ಲಿ 44 ಸಹಜ. ಓಡದ 70ರ ಅಜ್ಜನಿಗೆ 38 ಬಂದು, ಹಗಲು ಸುಸ್ತು, ತಲೆ ತಿರುಗು ಇದ್ದರೆ ನಾನು ಒಳ್ಳೆಯದು ಅನ್ನುವುದಿಲ್ಲ. ಅಂಥವರಿಗೆ ಪೇಸ್‌ಮೇಕರ್ ಹಾಕಿದ್ದು ಕಂಡಿದ್ದೇನೆ.

ಹುಲೇಕಲ್ ರಸ್ತೆಯವ: ಹನ್ನೆರಡು ದಿನ ಆಯಿತು, ಬಂದದ್ದನ್ನು ಬರೆಯುತ್ತೇನೆ. ವಿಶ್ರಾಂತಿ ಬಡಿತ 69 ಅಂತಲೇ ಇತ್ತು, ನೀವು ಹೇಳಿದ ಹಾಗೆ. ಊಟ ಎಂಟಕ್ಕೆ ತಂದ ಐದು ದಿನದ ಸರಾಸರಿ 60, ತಳ ಮುಟ್ಟುವ ಹೊತ್ತು 3:40. ಕವಳವನ್ನೂ ನಿಲ್ಲಿಸಿದ ಐದು ದಿನ 58, ತಳ 2:50. ನಡುವೆ ಒಂದು ರಾತ್ರಿ ಯಕ್ಷಗಾನಕ್ಕೆ ಹೋಗಿ ಬೆಳಿಗ್ಗೆ ಐದಕ್ಕೆ ಮಲಗಿದೆ, ಅದನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಕವಳ ಬಿಟ್ಟ ಮೊದಲೆರಡು ದಿನ ಸುಲಿಯಲು ಕೂತವರೆಲ್ಲ ನಗೆಯಾಡಿದರು, ಅದು ಬೇರೆ.

ಆದರೆ 55ಕ್ಕೆ ಬಂದಿಲ್ಲ. ಇನ್ನು ಮೂರು ಎಲ್ಲಿಂದ?

ಹೋಲ್ಟರ್ ಕುಮಟಾ: ಮೂರು ಬಡಿತಕ್ಕೆ ನಾನು ಇದೇ ಕಾರಣ ಅಂತ ಹೇಳಲಾರೆ. ದಿನವಿಡೀ ಕೊಯ್ಲಿನ ದಣಿವೇ ಇರಬಹುದು, ಓಟದವರ 25 ಕಿ.ಮೀ. ಇದ್ದ ಹಾಗೆ. ಕೊಯ್ಲು ಮುಗಿದು ಎರಡು ವಾರ ಕಳೆದ ಮೇಲೆ ಏನು ಬರುತ್ತದೆ ನೋಡಬೇಕು. ಒಂದು ಕೇಳುವುದು ಬಿಟ್ಟುಹೋಗಿತ್ತು: ಗೊರಕೆ ಇದೆಯಾ? ಮನೆಯವರನ್ನು ಕೇಳಿ ಹೇಳಿ, ನಿಮ್ಮನ್ನು ಕೇಳಿ ಪ್ರಯೋಜನ ಇಲ್ಲ.

ಹುಲೇಕಲ್ ರಸ್ತೆಯವ: ಕೇಳಿದೆ. ಗೊರಕೆ ಇದೆಯಂತೆ, ಅದು ಹಳೆಯದೇ. ನಡುನಡುವೆ ಉಸಿರೇ ನಿಂತ ಹಾಗಾಗಿ, ಆಮೇಲೆ ಬುಸ್ ಅಂತ ಶುರುವಾಗುತ್ತದಂತೆ. ‘ಈ ವರ್ಷ ಜಾಸ್ತಿಯಾಗಿದೆ, ಹೇಳಿದರೆ ನೀವು ನಂಬುವುದಿಲ್ಲ’ ಅಂದಳು. ಎರಡು ವರ್ಷದಲ್ಲಿ ಆರು ಕಿಲೋ ಏರಿದ್ದೇನೆ.

ಹೋಲ್ಟರ್ ಕುಮಟಾ: ಇದನ್ನು ವಾಚಿಗೆ ಬಿಡಬೇಡಿ. ಉಸಿರು ನಿಂತು ಮತ್ತೆ ಶುರುವಾಗುವಾಗ ಬಡಿತ ಒಮ್ಮೆ ತಗ್ಗಿ ಒಮ್ಮೆಲೇ ಹಾರುತ್ತದೆ. ಹೋಲ್ಟರಿನಲ್ಲಿ ಅದು ಗರಗಸದ ಹಲ್ಲಿನ ಹಾಗೆ ಸಾಲಾಗಿ ಕಾಣುತ್ತದೆ. ವಾಚಿನ ಗ್ರಾಫ್ ಐದೈದು ನಿಮಿಷದ ಸರಾಸರಿ ಹಾಕಿದರೆ ಆ ಹಲ್ಲೆಲ್ಲ ಸವೆದು ನೇರ ಗೆರೆ ಆಗಿಬಿಡುತ್ತದೆ. ರಾತ್ರಿ ಬಿಪಿ ಇಳಿಯದೇ ಇರುವುದಕ್ಕೂ ಇದು ದೊಡ್ಡ ಕಾರಣ. ಕಿವಿ-ಮೂಗು-ಗಂಟಲಿನವರನ್ನೋ ಶ್ವಾಸಕೋಶದವರನ್ನೋ ನೋಡಿ, ನಿದ್ದೆಯ ಪರೀಕ್ಷೆ ಬೇಕಾ ಕೇಳಿ. ಮನೆಯಲ್ಲೇ ಕಟ್ಟಿಕೊಂಡು ಮಲಗುವಂಥ ಯಂತ್ರವೂ ಈಗ ಬಂದಿದೆ. ಜೊತೆಗೆ 24 ಗಂಟೆಯ ಬಿಪಿಯೂ ಆದರೆ ಒಳ್ಳೆಯದು. ಹೋಗುವಾಗ ಮನೆಯವರನ್ನು ಕರೆದುಕೊಂಡೇ ಹೋಗಿ, ಡಾಕ್ಟರ್ ಕೇಳುವುದು ಅವರನ್ನೇ.

ಅಂಕೋಲೆ ಅಕ್ಕ: ನಮ್ಮವರದ್ದೂ ಗೊರಕೆ ಇದೆ. ಆದರೆ ಉಸಿರು ನಿಲ್ಲುವುದು ಕೇಳಿಲ್ಲ. ಈ ರಾತ್ರಿ ಎಚ್ಚರ ಇದ್ದು ನೋಡುತ್ತೇನೆ.

ಹುಲೇಕಲ್ ರಸ್ತೆಯವ: ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ವರದಿ ಬಂದ ಮೇಲೆ ಬರೆಯುತ್ತೇನೆ. ನಿನ್ನೆ ರಾತ್ರಿ 59.